ಮೆಂಟರ್‌ಗೆ ಮೇಲ್ ಬರೆಯುವಾಗ ನಿಮ್ಮ ಅನುಮಾನವನ್ನೇ ಮೊದಲು ಬರೆಯಿರಿ

ಪ್ರಶ್ನೆ: ನನ್ನೂರು ತೀರ್ಥಹಳ್ಳಿ ಕಡೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದ್ತಿದ್ದೇನೆ. ನಾವು ನಾಲ್ವರು ಸೇರಿ ತೋಟದ ಮೋಟರನ್ನು ಫೋನಿಂದ ಆನ್-ಆಫ್ ಮಾಡೋ ಮಿನಿ ಪ್ರಾಜೆಕ್ಟ್ ಮಾಡಿದ್ದೇವೆ. ಫೈನಲ್ ಸಬ್‌ಮಿಷನ್‌ಗೆ ಇನ್ನು ಎರಡು ವಾರ ಇದೆ. ನಮ್ಮ ಕಾಲೇಜಿನಲ್ಲೇ ಓದಿದ ಒಬ್ಬ ಸೀನಿಯರ್ ನಮಗೆ ಮೆಂಟರ್. ಅವರಿಗೆ ರಿಪೋರ್ಟ್ ಕಳಿಸಿ, ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳಿ ಸರ್ ಅಂತ ಬರೆದೆ. ‘ಗುಡ್ ವರ್ಕ್, ಆಲ್ ದ ಬೆಸ್ಟ್’ ಅಂತ ಒಂದೇ ಸಾಲು ಬಂತು. ನಿಜವಾದ ತಪ್ಪು ಹೇಳೋ ಹಾಗೆ ಮೇಲ್ ಬರೆಯೋದು ಹೇಗೆ?

ಉತ್ತರ: ಅಂಥ ಒಂದು ಸಾಲಿನ ಉತ್ತರವನ್ನು ನಾನೂ ಬರೆದಿದ್ದೇನೆ. ಎಲೆಕ್ಟ್ರಾನಿಕ್ಸ್ ಡಿಸೈನ್ ನನ್ನ ಕೆಲಸ. ನಾನು ಓದಿದ ಕಾಲೇಜಿನ ಹುಡುಗರಿಗೆ ಕೆಲವು ವರ್ಷಗಳಿಂದ ಮೆಂಟರ್ ಆಗಿದ್ದೇನೆ. ಹಾಗಾಗಿ ಆ ಕಡೆ ಕೂತವರಿಗೆ ನಿಮ್ಮ ಮೇಲ್ ಹೇಗೆ ಕಾಣುತ್ತದೆ ಅಂತ ಮೊದಲು ಹೇಳುತ್ತೇನೆ.

ಭಾನುವಾರ ರಾತ್ರಿ ಮೇಲ್ ತೆರೆಯುತ್ತೇನೆ. ನಲವತ್ತು ಪುಟದ ರಿಪೋರ್ಟ್ ಇರುತ್ತದೆ. ಮೊದಲ ಹದಿನೈದು ಪುಟ ಸರ್ಟಿಫಿಕೇಟು, ಕೃತಜ್ಞತೆ, ಪೀಠಿಕೆ, ಹಿಂದೆ ಯಾರ್ಯಾರು ಏನು ಮಾಡಿದ್ದಾರೆ ಅನ್ನುವುದು. ಡಿಸೈನ್ ಹುಡುಕುತ್ತಾ ಹೋದರೆ ನಾಲ್ಕು ಡಬ್ಬ, ಮೂರು ಬಾಣ ಇರುವ ಒಂದು ಚಿತ್ರ ಸಿಗುತ್ತದೆ. ಯಾವ ವೈರ್ ಯಾವ ಪಿನ್‌ಗೆ ಹೋಗಿದೆ ಅಂತ ಅದರಲ್ಲಿ ಇಲ್ಲ. ಎಷ್ಟು ಕರೆಂಟ್ ಎಳೆಯುತ್ತದೆ ಅಂತಲೂ ಇಲ್ಲ. ತಪ್ಪು ಇದೆಯೋ ಇಲ್ಲವೋ ನನಗೆ ಕಾಣುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈಗ ಏನನ್ನು ಬದಲಾಯಿಸಬಹುದು ಅಂತ ಮೇಲ್‌ನಲ್ಲಿ ಇರುವುದಿಲ್ಲ. ಬೋರ್ಡ್ ಸೋಲ್ಡರ್ ಮಾಡಿ ಮುಗಿದಿದೆಯಾ? ರಿಪೋರ್ಟ್ ಬೈಂಡಿಂಗ್‌ಗೆ ಹೋಗಿದೆಯಾ? ಎಲ್ಲ ಮುಗಿದ ಮೇಲೆ ‘ಈ ಸೆನ್ಸರೇ ತಪ್ಪು’ ಅಂದರೆ ಹುಡುಗರಿಗೆ ನಿದ್ದೆ ಕೆಡುತ್ತದೆ, ಬೇರೇನೂ ಆಗುವುದಿಲ್ಲ. ಅದಕ್ಕೇ ‘ಚೆನ್ನಾಗಿದೆ’ ಅಂತ ಬರೆದು ಬಿಡುತ್ತೇವೆ. ‘ಪ್ರಾಮಾಣಿಕವಾಗಿ ಹೇಳಿ’ ಅನ್ನುವ ಮಾತು ಇದನ್ನು ಬದಲಾಯಿಸುವುದಿಲ್ಲ. ನಿಮ್ಮ ಅನುಮಾನ ಏನು, ಯಾವ ಅಂಕಿ ಮೇಲೆ ನಿಂತಿದೆ, ಯಾವ ದಿನದ ತನಕ ತಿದ್ದಬಹುದು, ಈ ಮೂರು ಇದ್ದರೆ ಮೆಂಟರ್ ಬಾಯಿ ತಾನಾಗೇ ಬಿಚ್ಚುತ್ತದೆ.

ಒಂದು ತಂಡದ ಕಥೆ ಹೇಳುತ್ತೇನೆ. ಸಾಗರ, ಹೊಸನಗರ ಕಡೆಯ ಮಕ್ಕಳು. ಅಡಿಕೆ ಒಣಗಿಸುವ ಅಟ್ಟಕ್ಕೆ ಮಳೆ ಸೈರನ್ ಮಾಡುತ್ತಿದ್ದರು. ಬೇಯಿಸಿದ ಅಡಿಕೆಯನ್ನು ಅಟ್ಟದ ಮೇಲೆ ಹರವಿದಾಗ ಮಳೆ ಬಂದರೆ ಬೂಸಲು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ರೇಟು ಬೀಳುತ್ತದೆ. ಹನಿ ಬಿದ್ದ ಕೂಡಲೇ ಸೈರನ್ ಹೊಡೆದರೆ ಮನೆಯವರು ಓಡಿಬಂದು ಟಾರ್ಪಾಲು ಮುಚ್ಚಬಹುದು. ಅವರ ಮೊದಲ ಮೇಲ್ ನಿಮ್ಮದರ ಹಾಗೇ ಇತ್ತು. ನಾನು ಫೋನ್ ಮಾಡಿ, ‘ನಿಮ್ಮ ಮನಸ್ಸಿನಲ್ಲಿ ಯಾವುದು ಕೊರೆಯುತ್ತಿದೆಯೋ ಅದನ್ನಷ್ಟೇ ಬರೆದು ಕಳಿಸಿ’ ಅಂದೆ. ಎರಡು ದಿನ ಬಿಟ್ಟು ಬಂದ ಎರಡನೇ ಮೇಲ್ ಇದು. ಹೆಸರು ತೆಗೆದು ಹಾಗೇ ಕೊಡುತ್ತಿದ್ದೇನೆ.

ವಿಷಯ: ಮಳೆ ಸೈರನ್ ಡಿಸೈನ್, 1 ಪುಟ, 2 ಅನುಮಾನ. ಡಿಸೆಂಬರ್ 9ರೊಳಗೆ ನೋಡಬಹುದಾ ಸರ್?

ನಮಸ್ಕಾರ ಸರ್,

ನಾವು ಐದನೇ ಸೆಮಿಸ್ಟರಿನ ನಾಲ್ವರು. ಅಡಿಕೆ ಅಟ್ಟದ ಮೇಲೆ ಮಳೆ ಹನಿ ಬಿದ್ದರೆ ಸೈರನ್ ಹೊಡೆದು, ವೈಫೈ ಮೂಲಕ ಮನೆಯವರ ಫೋನಿಗೆ ಸಂದೇಶ ಕಳಿಸುವ ಪೆಟ್ಟಿಗೆ ಮಾಡುತ್ತಿದ್ದೇವೆ. ಬ್ರೆಡ್‌ಬೋರ್ಡ್ ಮೇಲೆ ಓಡುತ್ತಿದೆ. ಡಿಸೆಂಬರ್ 10ಕ್ಕೆ ಸೋಲ್ಡರ್ ಶುರು ಮಾಡುತ್ತೇವೆ, 16ಕ್ಕೆ ಫೈನಲ್ ಸಬ್‌ಮಿಷನ್. 10ರ ತನಕ ವೈರಿಂಗ್, ಕೋಡ್, ಬ್ಯಾಟರಿ ಬದಲಾಯಿಸಬಹುದು. ಇಎಸ್‌ಪಿ32 ಬೋರ್ಡ್ ಮತ್ತು ಮಳೆ ಸೆನ್ಸರ್ ಬದಲಾಯಿಸಲು ದುಡ್ಡೂ ಇಲ್ಲ, ಸಮಯವೂ ಇಲ್ಲ.

ಅನುಮಾನ ಒಂದು: ಬ್ಯಾಟರಿ ಮೂರು ತಿಂಗಳಿಗಿಂತ ಜಾಸ್ತಿ ಬರುತ್ತದೆ ಅಂತ ರಿಪೋರ್ಟಿನಲ್ಲಿ ಬರೆದಿದ್ದೇವೆ. ಸರಾಸರಿ 1 ಮಿಲಿಆಂಪ್ ಅಂತ ಅಂದಾಜು ಹಿಡಿದಿದ್ದೆವು. ನಿನ್ನೆ ಮಲ್ಟಿಮೀಟರ್ ಇಟ್ಟು ಅಳೆದರೆ, ಬೋರ್ಡ್ ಡೀಪ್ ಸ್ಲೀಪ್‌ನಲ್ಲಿದ್ದಾಗಲೂ ಸೆನ್ಸರ್ ಸೇರಿ 11 ಮಿಲಿಆಂಪ್ ತೋರಿಸಿತು. ನಾವು ಅಳೆದಿದ್ದು ತಪ್ಪಾ, ಬರೆದಿದ್ದು ತಪ್ಪಾ?

ಅನುಮಾನ ಎರಡು: ಮೂರು ರಾತ್ರಿ ಸೆನ್ಸರನ್ನು ಹೊರಗಿಟ್ಟೆವು. ಮಳೆ ಇರಲಿಲ್ಲ. ಆದರೂ ಎರಡು ದಿನ ಬೆಳಗಿನ ಜಾವ ಸೈರನ್ ಹೊಡೆಯಿತು. ಇಬ್ಬನಿಯಿಂದ ಅಂತ ನಮ್ಮ ಊಹೆ. ಇದನ್ನು ಕೋಡ್‌ನಲ್ಲೇ ಸರಿಮಾಡಬಹುದಾ?

ಇವೆರಡನ್ನು ಬಿಟ್ಟು, ಈ ಡಿಸೈನ್‌ನಲ್ಲಿ ಮೊದಲು ಕೈಕೊಡುವುದು ಯಾವುದು ಅಂತ ನಿಮಗೆ ಕಂಡರೆ ಅದನ್ನೂ ಹೇಳಿ ಸರ್. ಸೋಲ್ಡರ್ ಮಾಡುವ ಮೊದಲು ತಿದ್ದಲೇಬೇಕಾದದ್ದು ಯಾವುದು, ಮಿತಿ ಅಂತ ರಿಪೋರ್ಟಿನಲ್ಲಿ ಬರೆದರೆ ಸಾಕಾದದ್ದು ಯಾವುದು ಅಂತ ಬೇರೆ ಮಾಡಿ ಹೇಳಿದರೆ ನಮಗೆ ಸುಲಭ. ಬರೆಯಲು ಪುರುಸೊತ್ತಿಲ್ಲದಿದ್ದರೆ ವಾಯ್ಸ್ ಮೆಸೇಜ್ ಆದರೂ ಸಾಕು. ಸರ್ಕಿಟ್, ಪಿನ್ ಪಟ್ಟಿ, ಕರೆಂಟ್ ಅಳತೆ ಮೂರೂ ಒಂದೇ ಪುಟದಲ್ಲಿವೆ. ನಮ್ಮ ಗೈಡ್ ಮೇಡಮ್‌ಗೆ ತಿಳಿಸಿಯೇ ನಿಮಗೆ ಬರೆಯುತ್ತಿದ್ದೇವೆ.

ಮೇಲ್ ಅಷ್ಟೇ. ಹೊಗಳಿಕೆ ಇಲ್ಲ, ‘ನಿಮ್ಮ ಅಮೂಲ್ಯ ಸಮಯ’ ಇಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಿದೆ. ಅವತ್ತೇ ಸಂಜೆ ಉತ್ತರ ಬರೆದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮೊದಲನೇ ಅನುಮಾನ. ತಾವೇ ಬರೆದ ಅಂಕಿಯನ್ನು ತಾವೇ ಅಳೆದು, ಹೊಂದುತ್ತಿಲ್ಲ ಅಂತ ಮುಂದಿಟ್ಟಿದ್ದರು. ವಿದ್ಯಾರ್ಥಿಯೇ ತನ್ನ ತಪ್ಪಿನ ಮೇಲೆ ಬೆರಳಿಟ್ಟಾಗ, ಮನಸ್ಸು ನೋಯಿಸಿಬಿಟ್ಟೆನಾ ಅನ್ನುವ ಅಳುಕು ಮೆಂಟರ್‌ಗೆ ಇರುವುದಿಲ್ಲ. ಅವರು ಹಾಕಿದ್ದು 2600 ಮಿಲಿಆಂಪ್-ಅವರ್‌ನ ಒಂದು ಲಿಥಿಯಂ ಸೆಲ್. ಲೆಕ್ಕ ಹೀಗಿದೆ:

```
2600 mAh / 1 mA  = 2600 h ≈ 108 days
2600 mAh / 11 mA =  236 h ≈  10 days
```

ಅಳತೆ ಸರಿಯಾಗೇ ಇತ್ತು. ಡೀಪ್ ಸ್ಲೀಪ್‌ನಲ್ಲಿ ಕೆಲವೇ ಮೈಕ್ರೋಆಂಪ್ ಅಂತ ಡೇಟಾಶೀಟ್ ಹೇಳುವುದು ಚಿಪ್ ಒಂದರ ಬಗ್ಗೆ. ನಾವು ಅಂಗಡಿಯಿಂದ ತರುವ ಡೆವಲಪ್‌ಮೆಂಟ್ ಬೋರ್ಡ್ ಮೇಲೆ ರೆಗ್ಯುಲೇಟರ್ ಇರುತ್ತದೆ, ಯುಎಸ್‌ಬಿ ಚಿಪ್ ಇರುತ್ತದೆ, ಸದಾ ಉರಿಯುವ ಒಂದು ಎಲ್‌ಇಡಿ ಇರುತ್ತದೆ. ಚಿಪ್ ಮಲಗಿದರೂ ಇವು ಮಲಗುವುದಿಲ್ಲ. ಮಳೆ ಸೆನ್ಸರಿನ ಪುಟ್ಟ ಬೋರ್ಡ್ ಮೇಲೂ ಎಲ್‌ಇಡಿ ಇದೆ. ಮಿನಿ ಪ್ರಾಜೆಕ್ಟ್‌ಗಳಲ್ಲಿ ನಾನು ತುಂಬಾ ಸಲ ನೋಡುವ ತಪ್ಪು ಇದು. ಮೇಲ್‌ನಲ್ಲಿ ಅಳತೆಯ ಅಂಕಿ ಇಲ್ಲದಿದ್ದರೆ ಅವರ ವಿಷಯದಲ್ಲಿ ನಾನಿದನ್ನು ಹಿಡಿಯುತ್ತಿರಲಿಲ್ಲ. ‘ಮೂರು ತಿಂಗಳು ಅನ್ನುವ ಮಾತು ತೆಗೆಯಿರಿ, ಅಳೆದದ್ದನ್ನೇ ಬರೆಯಿರಿ’ ಅಂತ ಹೇಳಿದೆ. ಎರಡು ಸೆಲ್ ಇಟ್ಟುಕೊಂಡು ವಾರಕ್ಕೊಮ್ಮೆ ಬದಲಾಯಿಸಿದರೆ ಅಟ್ಟದ ಕೆಲಸಕ್ಕೆ ಅಷ್ಟೇ ಸಾಕು ಅಂತಲೂ ಬರೆದೆ.

ಆದರೆ ಅವರ ಡಿಸೈನ್‌ನ ನಿಜವಾದ ದೊಡ್ಡ ತಪ್ಪು ಅವರು ಕೇಳಿದ ಎರಡು ಪ್ರಶ್ನೆಯಲ್ಲಿ ಇರಲೇ ಇಲ್ಲ. ಅದು ಇದ್ದದ್ದು ಪಿನ್ ಪಟ್ಟಿಯಲ್ಲಿ:

```
RAIN DO -> GPIO27
RAIN AO -> GPIO26
SIREN   -> GPIO18
```

ಎರಡನೇ ಸಾಲು ನೋಡಿ. AO ಅನ್ನುವುದು ತಟ್ಟೆ ಎಷ್ಟು ಒದ್ದೆಯಾಗಿದೆ ಅಂತ ವೋಲ್ಟೇಜ್‌ನಲ್ಲಿ ತಿಳಿಸುವ ವೈರ್. ಇಎಸ್‌ಪಿ32 ಚಿಪ್‌ನಲ್ಲಿ ವೋಲ್ಟೇಜ್ ಅಳೆಯುವ ಘಟಕ ಎರಡಿವೆ. 26ನೇ ಪಿನ್ ಎರಡನೇ ಘಟಕಕ್ಕೆ ಸೇರಿದ್ದು. ಆ ಘಟಕವನ್ನು ವೈಫೈ ಕೂಡ ಬಳಸುತ್ತದೆ. ಹಾಗಾಗಿ ವೈಫೈ ಓಡುತ್ತಿರುವಾಗ ಆ ಪಿನ್‌ನಲ್ಲಿ ಓದಿದ ಬೆಲೆಯನ್ನು ನಂಬುವಂತಿಲ್ಲ. ಈ ಹುಡುಗರು ಸೆನ್ಸರ್ ಕೋಡನ್ನು ಒಂದು ಸಲ, ವೈಫೈ ಕೋಡನ್ನು ಇನ್ನೊಂದು ಸಲ ಓಡಿಸಿ ನೋಡಿದ್ದರು. ಬೇರೆಬೇರೆಯಾಗಿ ಎರಡೂ ಸರಿ. ಸೇರಿಸಿದಾಗ ಅಂಕಿ ಅಡ್ಡಾದಿಡ್ಡಿ ಬರುತ್ತಿತ್ತು. ‘ಲೂಸ್ ವೈರ್ ಇರಬೇಕು, ಸೋಲ್ಡರ್ ಮಾಡಿದರೆ ಸರಿಹೋಗುತ್ತದೆ’ ಅಂದುಕೊಂಡು ಅದನ್ನು ಮೇಲ್‌ನಲ್ಲಿ ಬರೆದೇ ಇರಲಿಲ್ಲ. ಆ ವೈರನ್ನು 34ನೇ ಪಿನ್‌ಗೆ ಹಾಕಿ ಅಂದೆ. ಅದು ಮೊದಲನೇ ಘಟಕದ ಪಿನ್, ವೈಫೈ ಗೊಡವೆ ಇಲ್ಲ. ಬ್ರೆಡ್‌ಬೋರ್ಡ್ ಮೇಲೆ ಒಂದು ವೈರ್, ಕೋಡ್‌ನಲ್ಲಿ ಒಂದು ಅಂಕಿ, ಐದು ನಿಮಿಷದ ಕೆಲಸ. ಸೋಲ್ಡರ್ ಆದ ಮೇಲೆ ಗೊತ್ತಾಗಿದ್ದರೆ ಒಂದು ದಿನ ಹೋಗುತ್ತಿತ್ತು.

ಪಿನ್ ಪಟ್ಟಿ ಕಳಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಿಮಗೆ ಗೊತ್ತಿರುವ ಅನುಮಾನವನ್ನು ನೀವು ಕೇಳಬಹುದು. ಗೊತ್ತಿಲ್ಲದ್ದನ್ನು ಮೆಂಟರೇ ಹುಡುಕಬೇಕಲ್ವಾ? ಅದಕ್ಕೆ ಡಿಸೈನ್ ಬಿಚ್ಚಿಟ್ಟ ಹಾಗೆ ಕಾಣಬೇಕು. ಒಂದು ಪುಟ ಸಾಕು. ಮೇಲೆ ಸರ್ಕಿಟ್, ಕೆಳಗೆ ಪಿನ್ ಪಟ್ಟಿ, ಪಕ್ಕದಲ್ಲಿ ಯಾವುದನ್ನು ಹೇಗೆ ಅಳೆದಿರಿ ಅನ್ನುವುದು. ಸರ್ಕಿಟನ್ನು ಕಂಪ್ಯೂಟರಿನಲ್ಲೇ ಬರೆಯಬೇಕು ಅಂತಿಲ್ಲ. ಬಿಳಿ ಹಾಳೆ ಮೇಲೆ ಪೆನ್ನಿನಲ್ಲಿ ಬರೆದು ಹಗಲು ಬೆಳಕಿನಲ್ಲಿ ಫೋಟೋ ತೆಗೆದರೂ ಆಯ್ತು. ಬ್ರೆಡ್‌ಬೋರ್ಡಿನ ಫೋಟೋ ಮಾತ್ರ ಕಳಿಸಬೇಡಿ. ಆ ವೈರ್ ಗೋಜಲಿನಲ್ಲಿ ಯಾವುದು ಎಲ್ಲಿಗೆ ಹೋಗಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಇಬ್ಬನಿ ವಿಷಯಕ್ಕೆ ಬರುತ್ತೇನೆ. ಇದು ಮಲೆನಾಡಿನವರಿಗಷ್ಟೇ ಹೊಳೆಯುವ ಪ್ರಶ್ನೆ. ಬಯಲುಸೀಮೆಯ ಲ್ಯಾಬ್‌ನಲ್ಲಿ ಕೂತು ಡಿಸೈನ್ ಮಾಡಿದವರಿಗೆ ಡಿಸೆಂಬರ್ ಬೆಳಗಿನ ಮಂಜು ನೆನಪಾಗುವುದಿಲ್ಲ. ಈ ಸೆನ್ಸರ್ ತಟ್ಟೆಗೆ ನೀರು ಕಂಡರೆ ಸಾಕು. ಅದು ಮಳೆಯದೋ ಇಬ್ಬನಿಯದೋ ಗೊತ್ತಿಲ್ಲ. ತಟ್ಟೆಯನ್ನು ಓರೆಯಾಗಿ ನಿಲ್ಲಿಸಿ, ನೀರು ಜಾರಿಹೋಗಲಿ ಅಂದೆ. ಸೆನ್ಸರ್ ಎಬ್ಬಿಸಿದ ಮೇಲೆ ಒಂದು ನಿಮಿಷ, ಹತ್ತು ಸೆಕೆಂಡಿಗೊಮ್ಮೆ ಬೆಲೆ ಓದಿ ನೋಡಿ ಅಂತಲೂ ಹೇಳಿದೆ. ಮಳೆಯಲ್ಲಿ ಬೆಲೆ ಸರಸರ ಇಳಿಯುತ್ತದೆ. ಇಬ್ಬನಿಯಲ್ಲಿ ಇದ್ದಲ್ಲೇ ಇರುತ್ತದೆ. ಅವರು ಮತ್ತೆ ಮೂರು ರಾತ್ರಿ ಇಟ್ಟು ನೋಡಿದರು. ಸುಳ್ಳು ಸೈರನ್ ಕಡಿಮೆ ಆಯಿತು, ಪೂರ್ತಿ ನಿಲ್ಲಲಿಲ್ಲ. ಜೊತೆಗೆ ಹೊಸ ತೊಂದರೆಯೊಂದು ಕಂಡಿತು. ಸ್ಪ್ರೇ ಬಾಟಲಿಯಲ್ಲಿ ತುಂತುರು ಹಾಕಿ ನೋಡಿದಾಗ ಒಂದು ಸಲ ಸೈರನ್ ಹೊಡೆಯಲೇ ಇಲ್ಲ. ಎರಡನ್ನೂ ಮಿತಿ ಅಂತ ರಿಪೋರ್ಟಿನಲ್ಲಿ ಬರೆದರು. ಸದಾ ಕರೆಂಟ್ ಹರಿಯುವುದರಿಂದ ಸೆನ್ಸರ್ ತಟ್ಟೆಯ ಗೆರೆಗಳು ಒದ್ದೆಯಾದಾಗಲೆಲ್ಲ ಸವೆದು ಕಪ್ಪಾಗುತ್ತವೆ. ನಾನು ಹೇಳಿದ ಆ ಮಾತನ್ನೂ ಅದೇ ಪಟ್ಟಿಗೆ ಸೇರಿಸಿದರು. ಆರು ದಿನದಲ್ಲಿ ಅದನ್ನು ತಿದ್ದಲು ಹೋಗಿದ್ದರೆ ಇಡೀ ಡಿಸೈನ್ ಬದಲಾಗಬೇಕಿತ್ತು. ಸಬ್‌ಮಿಷನ್ ಹತ್ತಿರ ಇರುವಾಗ ‘ತಿದ್ದಬೇಕಾದದ್ದು’, ‘ಬರೆದರೆ ಸಾಕಾದದ್ದು’ ಅಂತ ಬೇರೆ ಮಾಡಿ ಕೇಳಿದ್ದು ಎಷ್ಟು ಉಪಯೋಗಕ್ಕೆ ಬಂತು ಅಂತ ನನಗೆ ತಿಳಿದದ್ದು ಅಲ್ಲೇ.

ಕೆಲವು ಸಣ್ಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಡ್ರೈವ್ ಲಿಂಕ್ ಕಳಿಸುವುದಾದರೆ ಬೇರೆ ಯಾರದಾದರೂ ಫೋನಿನಲ್ಲಿ ತೆರೆದು ನೋಡಿ. ಅನುಮತಿ ಕೇಳುವ ಲಿಂಕ್ ಬಂದರೆ ನಾನು ಅನುಮತಿ ಕೇಳುತ್ತೇನೆ, ನೀವು ಎರಡು ದಿನ ಬಿಟ್ಟು ನೋಡುತ್ತೀರಿ, ಅಷ್ಟರಲ್ಲಿ ವಾರ ಕಳೆದಿರುತ್ತದೆ. ಪಿಡಿಎಫ್ ಅಂಟಿಸಿದರೆ ಈ ತಾಪತ್ರಯ ಇಲ್ಲ. ಪೂರ್ತಿ ರಿಪೋರ್ಟ್ ಬೇಕಿದ್ದರೆ ಅವರೇ ಕೇಳುತ್ತಾರೆ. ಮೇಲ್ ಒಬ್ಬರ ಹೆಸರಿನಿಂದಲೇ ಹೋಗಲಿ, ಉಳಿದ ಮೂವರು ಕಾಪಿಯಲ್ಲಿ ಇರಲಿ. ನಾಲ್ವರೂ ಬೇರೆಬೇರೆ ಬರೆದರೆ ಯಾರಿಗೆ ಉತ್ತರಿಸಬೇಕು ಅಂತಲೇ ತಿಳಿಯುವುದಿಲ್ಲ. ಕನ್ನಡದಲ್ಲಿ ಬರೆಯಬಹುದಾ ಅಂತ ಕೆಲವರು ಕೇಳುತ್ತಾರೆ. ಮೆಂಟರ್ ನಿಮ್ಮೂರ ಕಡೆಯವರೇ ಆಗಿದ್ದು, ನಿಮ್ಮ ಅನುಮಾನ ಕನ್ನಡದಲ್ಲೇ ಸರಿಯಾಗಿ ಮೂಡುವುದಾದರೆ ಧಾರಾಳವಾಗಿ ಬರೆಯಿರಿ. ‘ಸರ್’ ಅಂದರೆ ಸಾಕು. ಎದುರಿಗೆ ‘ಅಣ್ಣ’ ಅಂತ ಕರೆಯುವ ಸಲಿಗೆ ಇದ್ದರೆ ಮೇಲ್‌ನಲ್ಲೂ ಅಣ್ಣ ಅನ್ನಬಹುದು.

ಗಡುವು ಹೇಳುವುದು ಒರಟುತನ ಅಂತ ಅಂದುಕೊಳ್ಳಬೇಡಿ. ದಿನ ಹೇಳದಿದ್ದರೆ ನಿಮ್ಮ ಮೇಲ್ ‘ಆಮೇಲೆ ನೋಡೋಣ’ದ ರಾಶಿಗೆ ಹೋಗುತ್ತದೆ. ಕಳಿಸಿದ ದಿನದಿಂದ ನಾಲ್ಕೈದು ದಿನ ಕೊಡಿ, ನಡುವೆ ಒಂದು ಭಾನುವಾರ ಬರುವ ಹಾಗೆ ನೋಡಿಕೊಳ್ಳಿ. ಉತ್ತರ ಬರದಿದ್ದರೆ ಗಡುವಿನ ಹಿಂದಿನ ದಿನ ಎರಡು ಸಾಲು ನೆನಪಿಸಿ. ಆ ಎರಡು ಸಾಲಿನಲ್ಲಿ ಎಲ್ಲವನ್ನೂ ಮತ್ತೆ ಕೇಳಬೇಡಿ. ‘ಮೊದಲನೇ ಅನುಮಾನ ಒಂದಕ್ಕೆ ಉತ್ತರ ಸಿಕ್ಕರೂ ಸಾಕು ಸರ್’ ಅನ್ನಿ. ಇಂಥ ಸಣ್ಣ ಪ್ರಶ್ನೆಗೆ ಬಸ್ಸಿನಲ್ಲಿ ಕೂತೂ ಉತ್ತರಿಸಬಹುದು.

ಗೈಡ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮೆಂಟರ್ ಒಂದು ಹೇಳಿ, ನಿಮ್ಮ ಗೈಡ್ ಇನ್ನೊಂದು ಹೇಳಬಹುದು. ‘ಕಂಪನಿಯಲ್ಲಿರುವ ಸರ್ ಹೀಗಂದರು’ ಅಂತ ಗೈಡ್ ಮುಂದೆ ಹೋಗಿ ನಿಲ್ಲಬೇಡಿ. ಅಳತೆ ತೆಗೆದುಕೊಂಡು ಹೋಗಿ. ಆ ತಂಡದವರು ‘26ನೇ ಪಿನ್‌ನಲ್ಲಿ ವೈಫೈ ಜೊತೆ ಹೀಗೆ ಬಂತು, 34ರಲ್ಲಿ ಹೀಗೆ ಬಂತು’ ಅಂತ ಎರಡು ಪಟ್ಟಿ ತೋರಿಸಿದರು. ಮೇಡಮ್ ಒಂದೇ ನಿಮಿಷದಲ್ಲಿ ಒಪ್ಪಿದರು.

ಉತ್ತರ ಬಂದ ಮೇಲೆ ಬರೀ ‘ಥ್ಯಾಂಕ್ಯೂ ಸರ್’ ಅಂತ ಮುಗಿಸಬೇಡಿ. ಏನು ಬದಲಾಯಿಸಿದಿರಿ, ಏನು ಬದಲಾಯಿಸಲಿಲ್ಲ, ಯಾಕೆ ಅಂತ ಮೂರು ಸಾಲು ಬರೆಯಿರಿ. ನಾನು ಹೇಳಿದ್ದರಲ್ಲೂ ಒಂದನ್ನು ಅವರು ಮಾಡಲಿಲ್ಲ. ಬೋರ್ಡಿನ ಎಲ್‌ಇಡಿ ಕಿತ್ತುಹಾಕಿದರೆ ಸ್ವಲ್ಪ ಕರೆಂಟ್ ಉಳಿಯುತ್ತದೆ ಅಂದಿದ್ದೆ. ‘ಬೋರ್ಡ್ ಕಾಲೇಜಿನದು ಸರ್, ವಾಪಸ್ ಕೊಡಬೇಕು’ ಅಂತ ಬರೆದರು. ಸರಿಯಾದ ಕಾರಣ. ರಿಪೋರ್ಟಿನ ಕೃತಜ್ಞತೆ ಪುಟದಲ್ಲಿ ಮೆಂಟರ್ ಹೆಸರು ಹಾಕುವ ಮೊದಲು ಒಂದು ಮಾತು ಕೇಳಿ. ಕೆಲವರ ಕಂಪನಿಯಲ್ಲಿ ಅದಕ್ಕೆ ನಿಯಮ ಇರುತ್ತದೆ.

ಈಗ ನಿಮ್ಮ ಮೋಟರ್ ಪ್ರಾಜೆಕ್ಟ್. ನಾನು ನಿಮ್ಮ ಡಿಸೈನ್ ನೋಡಿಲ್ಲ, ಆದರೆ ನಿಮ್ಮ ಅನುಮಾನ ಎಲ್ಲಿರಬಹುದು ಅಂತ ಊಹಿಸಬಲ್ಲೆ. ನಮ್ಮ ಕಡೆ ಕರೆಂಟ್ ಹೋಗಿಬರುವುದು ನಿಮಗೆ ಗೊತ್ತೇ ಇದೆ. ಕರೆಂಟ್ ಹೋಗಿ ವಾಪಸ್ ಬಂದಾಗ ನಿಮ್ಮ ರಿಲೇ ಯಾವ ಸ್ಥಿತಿಯಲ್ಲಿ ಇರುತ್ತದೆ? ಬೋರ್ಡ್ ಚಾಲೂ ಆಗುವ ಹೊತ್ತಿನಲ್ಲಿ ಪಿನ್‌ಗಳು ಇನ್ನೂ ನಮ್ಮ ಹತೋಟಿಗೆ ಬಂದಿರುವುದಿಲ್ಲ. ಕೆಲವು ರಿಲೇ ಬೋರ್ಡ್‌ಗಳು ಆ ಒಂದು ಕ್ಷಣದಲ್ಲಿ ಟಕ್ ಅಂತ ಆನ್ ಆಗಿಬಿಡುತ್ತವೆ. ಬಾವಿ ಹತ್ತಿರ ಯಾರಾದರೂ ಪೈಪ್ ಸರಿಮಾಡುತ್ತಿದ್ದರೆ? ತ್ರೀ ಫೇಸ್ ಮೋಟರ್ ಆದರೆ ಇನ್ನೊಂದು ಮಾತು. ಒಂದು ಫೇಸ್ ಹೋಗಿ ಎರಡೇ ಇರುವಾಗ ಆನ್ ಮಾಡಿದರೆ ಮೋಟರ್ ತಿರುಗದೆ ಗುಂಯ್ ಅನ್ನುತ್ತಾ ಬಿಸಿಯಾಗಿ ಸುಟ್ಟುಹೋಗುತ್ತದೆ. ಎದುರಿಗೆ ನಿಂತು ಸ್ಟಾರ್ಟರ್ ಒತ್ತುವವನಿಗೆ ಆ ಸದ್ದು ಕೇಳುತ್ತದೆ, ಫೋನಿನಲ್ಲಿ ಒತ್ತಿದವನಿಗೆ ಕೇಳುವುದಿಲ್ಲ. ಹಳೆಯ ಸ್ಟಾರ್ಟರ್ ಮತ್ತು ಅದರ ರಕ್ಷಣೆ ಹಾಗೇ ಇದ್ದು ನಿಮ್ಮ ರಿಲೇ ಅದರ ಜೊತೆ ಸೇರುತ್ತದೆಯಾ, ಅದನ್ನು ದಾಟಿ ನೇರ ಮೋಟರ್‌ಗೆ ಹೋಗುತ್ತದೆಯಾ ಅಂತ ಸರ್ಕಿಟ್‌ನಲ್ಲಿ ಎದ್ದು ಕಾಣಬೇಕು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಮೋಟರ್ ಮುಟ್ಟಬೇಡಿ. ಲ್ಯಾಬ್‌ನಲ್ಲಿ ನಿಮ್ಮ ಲ್ಯಾಬ್ ಸರ್ ಎದುರಿಗೇ ಮೋಟರ್ ಜಾಗದಲ್ಲಿ ಒಂದು ಬಲ್ಬ್ ಹಾಕಿ. ಇಡೀ ಸೆಟಪ್‌ನ ಕರೆಂಟನ್ನು 20 ಸಲ ತೆಗೆದು ಹಾಕಿ. ಯಾರೂ ಫೋನ್ ಒತ್ತದೆ ಬಲ್ಬ್ ಎಷ್ಟು ಸಲ ಮಿಂಚಿತು ಅಥವಾ ಹತ್ತಿಕೊಂಡಿತು ಅಂತ ಬರೆದುಕೊಳ್ಳಿ. ಆ ಅಂಕಿಯನ್ನು ಹಿಡಿದು ‘20ರಲ್ಲಿ ಇಷ್ಟು ಸಲ ಬಲ್ಬ್ ತಾನಾಗೇ ಹತ್ತಿತು, ಮೋಟರ್ ಇದ್ದರೆ ಏನಾಗುತ್ತದೆ ಸರ್?’ ಅಂತ ಮೇಲ್‌ನ ಮೊದಲ ಅನುಮಾನ ಬರೆಯಿರಿ. ಒಂದು ಸಲವೂ ಹತ್ತದಿದ್ದರೆ ಅದನ್ನೂ ಬರೆಯಿರಿ. ಫೇಸ್ ವಿಷಯ ಎರಡನೇ ಅನುಮಾನ. ಸೋಲ್ಡರ್ ಯಾವತ್ತು ಅಂತ ನಾಲ್ವರೂ ಕೂತು ಇವತ್ತೇ ಗೊತ್ತುಮಾಡಿ, ಅದರ ಹಿಂದಿನ ದಿನವನ್ನು ಗಡುವು ಅಂತ ವಿಷಯದ ಸಾಲಿನಲ್ಲಿ ಹಾಕಿ, ನಾಳೆ ರಾತ್ರಿಯೊಳಗೆ ಕಳಿಸಿ.